ಬಟ್ಟೆಯ ಮೂಟೆಗಳನ್ನು ವಿಂಗಡಿಸುವ ಕ್ರಮ ಹೇಗೆ?

ಕೇಳಿದವರು: ನಮ್ಮ ಪರಿಹಾರ ಸಂಗ್ರಹಣಾ ಕೇಂದ್ರಕ್ಕೆ ಎರಡು ದಿನಗಳಲ್ಲಿ ಸುಮಾರು 60 ಮೂಟೆ ಬಟ್ಟೆ ಬಂದಿದೆ. ಒಂದೊಂದರ ಅಳತೆ ನೋಡುತ್ತಾ ಕುಳಿತರೆ ಮೇಜಿನ ಮೇಲಿನ ರಾಶಿ ಕರಗುವುದೇ ಇಲ್ಲ. ಲೆಕ್ಕ ಬರೆಯುವುದು ಯಾವಾಗ? ಅನುಭವ ಇದ್ದವರು ತಿಳಿಸಿ.

ಒಬ್ಬ ಸ್ವಯಂಸೇವಕ: ಬಾಗಿಲಲ್ಲೇ ಪ್ರತಿಯೊಂದನ್ನೂ ಮೊಬೈಲ್‌ನಲ್ಲಿ ದಾಖಲಿಸಿ. ಕಂಬಳಿ, ಟಾರ್ಪಾಲುಗಳನ್ನು ನಾವು ಹಾಗೆಯೇ ಮಾಡಿದೆವು, ಒಂದೂ ತಪ್ಪಲಿಲ್ಲ.

ಉಗ್ರಾಣ ನೋಡಿಕೊಂಡವರು: ಕಂಬಳಿಗೆ ಅದು ಸರಿ, ಬಟ್ಟೆಗೆ ಆಗದು. ಬಂದದ್ದರಲ್ಲಿ ಒಂದಿಷ್ಟು ಹೇಗೂ ಹೊರಹೋಗುತ್ತದೆ, ಬರೆದದ್ದನ್ನೆಲ್ಲ ಮತ್ತೆ ಹೊಡೆದುಹಾಕುತ್ತಾ ಕೂರಬೇಕಾಗುತ್ತದೆ. ಬಾಗಿಲಲ್ಲಿ ಮೂಟೆಗಳ ಸಂಖ್ಯೆ ಬರೆದರೆ ಸಾಕು.

ಮೊದಲು ಬಗೆ, ಆಮೇಲೆ ಸ್ಥಿತಿ, ಕೊನೆಗೆ ಅಳತೆ. ಎಸೆಯಬೇಕಾದ ಅಂಗಿಯ ಅಳತೆ ಹಿಡಿದು ಪ್ರಯೋಜನವೇನು? ನಾವು ಸ್ಥಿತಿಯನ್ನು ಮೂರೇ ಗುಂಪು ಮಾಡಿದ್ದೆವು: ಈಗಲೇ ತೊಡಬಹುದಾದದ್ದು, ಒಗೆಯಬೇಕಾದದ್ದು, ಕೊಡಬಾರದ್ದು. ಬಳಸಿದ ಒಳಉಡುಪು ಮಾತುಕತೆಯಿಲ್ಲದೆ ಮೂರನೆಯದಕ್ಕೆ. ತೇವದ ಬಟ್ಟೆಯನ್ನು ಅದೇ ದಿನ ಹರವಬೇಕು. ಒಮ್ಮೆ ಒದ್ದೆಯ ಒಂದು ಸ್ವೆಟರ್ ಪೆಟ್ಟಿಗೆಯೊಳಗೆ ಸೇರಿಹೋಗಿತ್ತು. ವಾರದ ನಂತರ ತೆರೆದಾಗ ಬೂಷ್ಟಿನ ವಾಸನೆ ಮೂಗಿಗೆ ಬಡಿಯಿತು, ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಮತ್ತೆ ಒಗೆಯಬೇಕಾಯಿತು.

ಅಳತೆಗೆ ಕಾಲರಿನ ಚೀಟಿ ನಂಬಬೇಡಿ. ಒಗೆದು ಒಗೆದು ಕುಗ್ಗಿರುತ್ತದೆ, ಚೀಟಿ ಕಿತ್ತೂ ಹೋಗಿರುತ್ತದೆ. ಮೇಜಿನ ಅಂಚಿಗೆ ಟೇಪು ಅಂಟಿಸಿ 35, 45, 55 ಸೆಂ.ಮೀ.ಗೆ ಗೆರೆ ಎಳೆಯಿರಿ. ಅಂಗಿಯನ್ನು ಮಟ್ಟಸವಾಗಿ ಹಾಸಿ ಒಂದು ಕಂಕುಳಿನಿಂದ ಇನ್ನೊಂದರವರೆಗೆ ನೋಡಿ: 35ರೊಳಗೆ ಚಿಕ್ಕ ಮಕ್ಕಳದು, 45ರವರೆಗೆ ದೊಡ್ಡ ಮಕ್ಕಳದು, 55ರವರೆಗೆ ಹೆಚ್ಚಿನ ವಯಸ್ಕರದು, ಅದರಾಚೆ ದೊಡ್ಡ ಅಳತೆ. ನಮ್ಮ ಈ ಗೆರೆಗಳು ದರ್ಜಿಯ ಲೆಕ್ಕಕ್ಕೆ ಒರಟು, ಹಂಚಲು ಸಾಕು.

ಲೆಕ್ಕ ಬರೆಯುವುದು ಪೆಟ್ಟಿಗೆ ಮುಚ್ಚುವಾಗ. ಹತ್ತರ ಕಟ್ಟು ಮಾಡಿದರೆ ಎಣಿಕೆ ತಪ್ಪದು. ‘ಪೆಟ್ಟಿಗೆ 14, ಹುಡುಗರ ಸ್ವೆಟರ್, 35–45, ತೊಡಬಹುದು, 40’ ಎಂದು ಪುಸ್ತಕದಲ್ಲೂ ಪೆಟ್ಟಿಗೆಯ ಎರಡು ಪಕ್ಕಗಳಲ್ಲೂ ಬರೆಯಿರಿ. ಮುಚ್ಚಳದ ಮೇಲೆ ಬರೆದರೆ ಪೇರಿಸಿದ ಮೇಲೆ ಕಾಣದು. ಹೊರಗೆ ಹೋದ ದಿನ, ಯಾರಿಗೆ ಎನ್ನುವುದಕ್ಕೆ ಅದೇ ಸಾಲಿನಲ್ಲಿ ಜಾಗ ಬಿಡಿ.

ಇನ್ನೊಬ್ಬರು: ನಮ್ಮಲ್ಲಿ ಕಾಡಿದ್ದು ಚಪ್ಪಲಿ, ಶೂ. ಜೋಡಿ ಕಟ್ಟದೆ ರಾಶಿ ಹಾಕಿದ್ದರಿಂದ ಎಡಗಾಲಿನವೇ 23 ಉಳಿದವು! ಈಗ ಬಂದ ಕ್ಷಣವೇ ಜೋಡಿ ಕಟ್ಟುತ್ತೇವೆ.

ಮತ್ತೊಬ್ಬರು: ಅವಧಿ ಮೀರಿದ ಔಷಧವನ್ನು ಯಾವ ಗುಂಪಿಗೆ ಹಾಕಬೇಕು?

ಉಗ್ರಾಣ ನೋಡಿಕೊಂಡವರು: ಪ್ರಶ್ನೆ ಬಟ್ಟೆಯದು. ಔಷಧವನ್ನು ಈ ಮೇಜಿಗೆ ತರಲೇಬೇಡಿ, ಬೇರೆಯಾಗಿಟ್ಟು ಔಷಧ ತಿಳಿದವರಿಗೆ ಒಪ್ಪಿಸಿ.

ಕೇಳಿದವರು: ಇಂದು ಗೆರೆ ಎಳೆದು ಆರು ಮೂಟೆ ಮುಗಿಸಿದೆವು. ಗುಂಡಿ ಮಾತ್ರ ಕಿತ್ತುಹೋದ ಒಳ್ಳೆಯ ಅಂಗಿಗಳನ್ನು ಏನು ಮಾಡುತ್ತೀರಿ?

ಒಬ್ಬ ಸ್ವಯಂಸೇವಕ: ಹೊಲಿಯುವವರನ್ನು ಕೂರಿಸಿ, ಎಸೆಯಬೇಡಿ.

ಉಗ್ರಾಣ ನೋಡಿಕೊಂಡವರು: ಹೊಲಿಯುವ ಕೈಗಳು ಸಿಕ್ಕರೆ. ನಮ್ಮಲ್ಲಿ ‘ಆಮೇಲೆ ಹೊಲಿಯೋಣ’ ಎಂದಿಟ್ಟ ಪೆಟ್ಟಿಗೆ ಕೇಂದ್ರ ಮುಚ್ಚುವವರೆಗೂ ಹಾಗೆಯೇ ಇತ್ತು.