ಫ್ರಿಜ್ ಬಾಗಿಲಿನ ರಬ್ಬರಿಗೆ ಕಪ್ಪು ಬೂಷ್ಟು: ಅನುಭವ ಹೇಳಿ

"ನಾಲ್ಕು ವರ್ಷದ ಫ್ರಿಜ್. ಬಾಗಿಲ ರಬ್ಬರಿನ ಮಡಿಕೆಯೊಳಗೆ ಕಪ್ಪು ಬೂಷ್ಟು ಕೂತಿದೆ. ರಬ್ಬರ್ ಹಾಳಾಗದ ಹಾಗೆ ತೆಗೆಯೋದು ಹೇಗೆ?"

ತೀರ್ಥಹಳ್ಳಿ ಅತ್ತಿಗೆ: ಬ್ಲೀಚ್ ಸಹವಾಸ ಬೇಡ. ಹೋದ ಆಷಾಢದಲ್ಲಿ ನೀರು ಬೆರೆಸದ ಬ್ಲೀಚಲ್ಲಿ ಹತ್ತಿ ಅದ್ದಿ, ರಾತ್ರಿಯಿಡೀ ಮಡಿಕೆಗೆ ತುರುಕಿಟ್ಟೆ. ಬೆಳಿಗ್ಗೆ ಬೆಳ್ಳಗಾಗಿತ್ತು, ಖುಷಿಯೋ ಖುಷಿ. ಹೀಗೇ ಮೂರು ಸಲ. ದೀಪಾವಳಿ ಹೊತ್ತಿಗೆ ಕೆಳಗಿನ ಮೂಲೆ ಸೆಟೆದು ಬಿರುಕು ಬಿಟ್ಟಿತು. ಹೊಸ ಗ್ಯಾಸ್ಕೆಟ್‌ಗೆ 1,450, ಬಂದು ನೋಡಿದ್ದಕ್ಕೆ 350. ಮೊದಲು ತಂದದ್ದು ಅಳತೆ ತಪ್ಪಿ, ಆಟೋಗೆ 80 ದಂಡ.

ವಿನೆಗರ್ ಭಕ್ತ: ನಮ್ಮನೇಲಿ ಆರು ವರ್ಷದಿಂದ ಅರ್ಧ ವಿನೆಗರ್, ಅರ್ಧ ನೀರು, ಹಳೇ ಟೂತ್‌ಬ್ರಷ್. ರಬ್ಬರ್ ಇನ್ನೂ ಮೆತ್ತಗಿದೆ. ಕಲೆ ಹೋಗದಿದ್ದರೆ ಮೇಲೆ ಎರಡು ಹನಿ ಬ್ಲೀಚ್, ಆಮೇಲೆ ಕೊಬ್ಬರಿ ಎಣ್ಣೆ.

ರಿಪೇರಿಯವ: ವಿನೆಗರ್ ಮೇಲೆ ಬ್ಲೀಚಾ? ಕ್ಲೋರಿನ್ ಗಾಳಿ ಏಳುತ್ತೆ ಮಾರಾಯ್ರೆ, ಅಡುಗೆಮನೆಯಲ್ಲಿ ಉಸಿರಾಡೋಕಾಗಲ್ಲ. ಆ ಮಾತು ಅಳಿಸಿ.

ಹೆಸರಿಗೆ ರಬ್ಬರ್, ಹೆಚ್ಚಿನ ಫ್ರಿಜ್‌ಗಳಲ್ಲಿ ಅದು ಮೆತ್ತನೆ ಪಿವಿಸಿ. ಮೆತ್ತಗಿಡುವ ಅಂಶ ಹೋದರೆ ಅತ್ತಿಗೆಯವರಿಗಾದದ್ದೇ ಗತಿ. ನಾನು ಮೊದಲು ಸ್ವಿಚ್ ಆಫ್ ಮಾಡ್ತೀನಿ. ಬೂಷ್ಟನ್ನು ಒಣಗಿದ ಹಾಗೇ ಉಜ್ಜಲ್ಲ, ಪುಡಿ ಹಾರಿ ತರಕಾರಿ ಮೇಲೆ ಕೂರುತ್ತೆ. ಪಾತ್ರೆ ಸೋಪು ಬೆರೆಸಿದ ಉಗುರುಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ, ಐಸ್‌ಕ್ರೀಂ ಕಡ್ಡಿಗೆ ಸುತ್ತಿ ಮಡಿಕೆಯೊಳಗೆ ಎಳೆಯೋದು. ಉಳಿದದ್ದಕ್ಕೆ ಮೆಡಿಕಲ್ ಶಾಪಿನ 3% ಹೈಡ್ರೋಜನ್ ಪೆರಾಕ್ಸೈಡ್, ಹತ್ತಿಯಲ್ಲಿ ಹತ್ತು ನಿಮಿಷ. ಆಮೇಲೆ ಬರೀ ನೀರಲ್ಲಿ ಒರೆಸಿ, ಪೂರ್ತಿ ಒಣಗಿಸೋದು. ಇಷ್ಟಾದ ಮೇಲೂ ಬೂದು ಚುಕ್ಕೆ ಉಳಿದರೆ ಕಲೆ ಒಳಗಿಳಿದಿದೆ ಅಂತ ಲೆಕ್ಕ. ಇನ್ನೂ ಉಜ್ಜಿದರೆ ರಬ್ಬರೇ ಸವೆಯೋದು.

ಎರಡೇ ವಾರಕ್ಕೆ ವಾಪಸ್ ಬಂತಾ? ಹತ್ತು ರೂಪಾಯಿ ನೋಟು ಸಿಕ್ಕಿಸಿ ಬಾಗಿಲು ಹಾಕಿ ಎಳೆದು ನೋಡಿ. ಸಲೀಸಾಗಿ ಬಂದರೆ ಅಲ್ಲಿ ಹೊರಗಿನ ಗಾಳಿ ನುಗ್ಗಿ ಬೆವರುತ್ತಿದೆ. ಮಡಚಿಕೊಂಡ ಜಾಗಕ್ಕೆ ಹೇರ್‌ಡ್ರೈಯರ್‌ ಕಡಿಮೆ ಬಿಸಿಯಲ್ಲಿ ದೂರದಿಂದ ಹಿಡಿದು, ಕೈಯಲ್ಲಿ ನೆಟ್ಟಗೆ ಮಾಡಿ. ಹರಿದಿದ್ದರೆ ಮಾತ್ರ ಹೊಸದು.

ವಿನೆಗರ್ ಭಕ್ತ: ಬ್ಲೀಚ್ ಮಾತು ವಾಪಸ್. ಎಣ್ಣೆ ಮಾತ್ರ ಬಿಡಲ್ಲ. ನಮ್ಮಜ್ಜಿ ಕಾಲದಿಂದ ಸವರ್ತಿದ್ದೀವಿ.

ತೀರ್ಥಹಳ್ಳಿ ಅತ್ತಿಗೆ: ಅಜ್ಜಿ ಕಾಲದಲ್ಲಿ ಫ್ರಿಜ್ ಎಲ್ಲಿತ್ತು? ಎಣ್ಣೆಗೆ ಧೂಳು ಮೆತ್ತಿ ಕಮಟು ವಾಸನೆ ಬಂದದ್ದು ನಾನೇ ನೋಡಿದ್ದೀನಿ.

ವಿನೆಗರ್ ಭಕ್ತ: ರಾತ್ರಿಯಿಡೀ ಬ್ಲೀಚ್ ತುರುಕಿದವರು ನನಗೆ ಪಾಠ ಹೇಳೋದು ಬೇಡ.

ಬಾಡಿಗೆಮನೆ: ನನ್ನ ಫ್ರಿಜ್ ಓನರದ್ದು. ಇದೇ ಬೂಷ್ಟಿಗೆ ಅಡ್ವಾನ್ಸಲ್ಲಿ 2,000 ಹಿಡಿದರು. ನಾನು ಬಂದಾಗಲೇ ಇತ್ತು, ಫೋಟೋ ಇಲ್ಲ. ಏನ್ಮಾಡಲಿ?

ರಿಪೇರಿಯವ: ನೋಟು ಹಾಕಿ ನೋಡಿದ್ರಾ?

ಬಾಡಿಗೆಮನೆ: ನೋಟೇ ಹೋಯ್ತಲ್ಲ ಸಾರ್.