ಗ್ರೇವಿ ಗಟ್ಟಿ ಮಾಡಲು ನೀವು ಏನು ಹಾಕುತ್ತೀರಿ?

ವೀಣಾ: ಟೊಮೆಟೊ ಗ್ರೇವಿಗೆ ಕಾರ್ನ್‌ಫ್ಲೋರ್ ಹಾಕಿದ್ದೆ. ರಾತ್ರಿ ಚೆನ್ನಾಗಿಯೇ ಇತ್ತು. ಬೆಳಗ್ಗೆ ಫ್ರಿಜ್‌ನಿಂದ ತೆಗೆದರೆ ಅಂಚಿನಲ್ಲಿ ನೀರು ನಿಂತಿದೆ, ಬಿಸಿ ಮಾಡಿದ ಮೇಲೆ ಇನ್ನೂ ತೆಳು. ಮೈದಾ, ಗೋಡಂಬಿ, ಈರುಳ್ಳಿ ಇವುಗಳಲ್ಲಿ ಯಾವುದಕ್ಕೆ ಹೋಗಲಿ?

ರಘು: ಕಾರ್ನ್‌ಫ್ಲೋರ್ ಕಡಿಮೆ ಆಗಿದೆ ಅಷ್ಟೆ. ಇನ್ನೊಂದೆರಡು ಚಮಚ ಹಾಕಿ. ತಣ್ಣೀರಲ್ಲಿ ಕಲಸಿಯೇ ಹಾಕಬೇಕು, ಬಿಸಿ ಗ್ರೇವಿಗೆ ಸುಮ್ನೆ ಉದುರಿಸಿದರೆ ಗಂಟಾಗುತ್ತದೆ.

ಶಾರದಾ: ತಣ್ಣೀರಿನ ಮಾತು ಸರಿ ರಘು ಅವರೇ. ಆದರೆ ಜಾಸ್ತಿ ಹಾಕಿದರೆ ಗ್ರೇವಿ ಅಂಟಂಟಾಗುತ್ತದೆ, ಖಾರ ಉಪ್ಪು ಎರಡೂ ಮಂಕಾಗುತ್ತವೆ, ನೀರು ಬಿಡುವುದು ಮಾತ್ರ ತಪ್ಪುವುದಿಲ್ಲ. ತಣ್ಣಗಿಟ್ಟಾಗ ಕಾರ್ನ್‌ಫ್ಲೋರ್ ಹಿಡಿದಿಟ್ಟ ನೀರನ್ನು ಬಿಡುವುದು ಅದರ ಗುಣ. ಜೊತೆಗೆ ಟೊಮೆಟೊ ಹುಳಿ ಇದೆ. ಹುಳಿಯಲ್ಲಿ ತುಂಬಾ ಹೊತ್ತು ಕುದಿಸಿದರೂ, ಜೋರಾಗಿ ತಿರುವಿದರೂ ಪಿಷ್ಟ ಒಡೆದು ಗ್ರೇವಿ ತೆಳುವಾಗುತ್ತದೆ. ಹಾಗಾಗಿ ಒಂದು ಕಪ್ ಗ್ರೇವಿಗೆ ಎರಡು ಟೀ ಚಮಚ ಸಾಕು. ಅದನ್ನು ಕೊನೆಯಲ್ಲಿ ಹಾಕಿ, ಒಂದು ನಿಮಿಷ ಕುದಿಸಿ, ಇಳಿಸಿಬಿಡಿ. ಆಗಲೇ ತಿನ್ನುವ ಅಡುಗೆಗೆ ಅದು ಚೆಂದ, ಗ್ರೇವಿ ಹೊಳೆಯುತ್ತದೆ. ಇನ್ನೊಂದು ವಿಷಯ: ರುಚಿ ನೋಡಿದ ಚಮಚವನ್ನು ಮತ್ತೆ ಪಾತ್ರೆಗೆ ಹಾಕಬೇಡಿ. ಎಂಜಲೂ ಪಿಷ್ಟವನ್ನು ಕರಗಿಸುತ್ತದೆ.

ನಾಳೆಗೂ ಇಡುವ ಟೊಮೆಟೊ ಗ್ರೇವಿಯಾದರೆ ನಾನು ಗೋಡಂಬಿಗೇ ಹೋಗುತ್ತೇನೆ. ಎರಡು ಕಪ್ ಗ್ರೇವಿಗೆ ಹದಿನೈದು ಗೋಡಂಬಿಯನ್ನು ಬಿಸಿ ನೀರಲ್ಲಿ ಅರ್ಧ ಗಂಟೆ ನೆನೆಸಿ, ತರಿ ಇಲ್ಲದಂತೆ ನುಣ್ಣಗೆ ರುಬ್ಬಿ. ಮಸಾಲೆ ಬೆಂದ ಮೇಲೆ ಸಣ್ಣ ಉರಿಯಲ್ಲಿ ಹಾಕಿ, ತಳ ಕೆದಕುತ್ತಾ ಐದು ನಿಮಿಷ ಬೇಯಿಸಿ. ಬಿಟ್ಟು ಹೋದರೆ ತಳ ಹಿಡಿಯುತ್ತದೆ. ಹುಳಿ, ಖಾರ ಮೆತ್ತಗಾಗುತ್ತವೆ, ಆದ್ದರಿಂದ ಮೆಣಸಿನಪುಡಿ ಸ್ವಲ್ಪ ಹೆಚ್ಚೇ ಹಾಕಿ. ಆರಿದ ಮೇಲೆ ಇನ್ನೂ ಗಟ್ಟಿಯಾಗುತ್ತದೆ, ಒಲೆಯ ಮೇಲೆ ಕೊಂಚ ತೆಳುವಾಗಿರುವಾಗಲೇ ಇಳಿಸಿ.

ಫಾತಿಮಾ: ನಮ್ಮ ಮಗನಿಗೆ ಗೋಧಿ ಆಗುವುದಿಲ್ಲ, ಹಾಗಾಗಿ ಮೈದಾ ಹುರಿದು ಹಾಕುವ ರೂ ನಮ್ಮಲ್ಲಿ ಇಲ್ಲ. ಗೋಡಂಬಿ ಅಲರ್ಜಿ ಇರುವವರೂ ಇರುತ್ತಾರೆ, ಅತಿಥಿಗಳನ್ನು ಮೊದಲೇ ಕೇಳಿಬಿಡಿ. ನಾನು ಈರುಳ್ಳಿ ರುಬ್ಬಿ ಹಾಕುತ್ತೇನೆ, ಒಮ್ಮೊಮ್ಮೆ ಕಹಿ ಬರುತ್ತದೆ. ಯಾಕೆ?

ಶಾರದಾ: ಹಸಿ ಈರುಳ್ಳಿಯನ್ನು ರುಬ್ಬಿ ಇಟ್ಟರೆ ಹಾಗಾಗುತ್ತದೆ. ಮೊದಲು ಬೇಯಿಸಿ ಅಥವಾ ಎಣ್ಣೆಯಲ್ಲಿ ಬಾಡಿಸಿ, ಆಮೇಲೆ ರುಬ್ಬಿ. ನಂತರ ಅಂಚಿನಲ್ಲಿ ಎಣ್ಣೆ ಬಿಡುವವರೆಗೆ ಹುರಿಯಬೇಕು. ಇದಕ್ಕೆ ಪಿಷ್ಟದ ಹಿಡಿತ ಇಲ್ಲ, ತಿರುಳಿನ ದಪ್ಪ ಅಷ್ಟೆ. ನೀರು ಜಾಸ್ತಿ ಸುರಿದರೆ ತಿರುಳು ಬೇರೆ, ನೀರು ಬೇರೆ ಆಗುತ್ತದೆ. ರೂ ಬಗ್ಗೆ: ಬೆಣ್ಣೆ, ಮೈದಾ ಸಮತೂಕ, ಹಸಿ ವಾಸನೆ ಹೋಗುವವರೆಗೆ ಹುರಿಯಿರಿ. ಕಂದು ಬಂದಷ್ಟೂ ರುಚಿ ಏರುತ್ತದೆ, ಗಟ್ಟಿ ಮಾಡುವ ಶಕ್ತಿ ಇಳಿಯುತ್ತದೆ. ಹಾಲು, ಕೆನೆಯ ಗ್ರೇವಿಗೆ ಹೊಂದುತ್ತದೆ, ಟೊಮೆಟೊದ ಕೆಂಪು ಮಂಕಾಗುತ್ತದೆ.

ರಘು: ಬೇಯಿಸಿದ ಈರುಳ್ಳಿ ಸಪ್ಪೆ ಅಲ್ವಾ? ನಾನು ಹಸಿಯದನ್ನೇ ರುಬ್ಬಿ ತಕ್ಷಣ ಹುರಿಯುತ್ತೇನೆ, ಕಹಿ ಬಂದಿಲ್ಲ. ಘಾಟು ಉಳಿಯುವುದೇ ನನಗೆ ಇಷ್ಟ.

ವೀಣಾ: ಈರುಳ್ಳಿ ಬಾಡಿಸಿ ರುಬ್ಬಿ, ಗೋಡಂಬಿ ಅರ್ಧದಷ್ಟು ಹಾಕಿ ನೋಡುತ್ತೇನೆ. ಹೀಗೆ ಬೆರೆಸಿದರೆ ಸಿಹಿ ಜಾಸ್ತಿ ಆಗುತ್ತದಾ?