ಬ್ಯಾಟರಿ ಬಾಡಿಗೆಗಾ, ಸ್ವಂತಕ್ಕಾ? ಶೆಡ್ ಶಿವಣ್ಣನವರ ಭಾನುವಾರದ ಪ್ರಶ್ನೋತ್ತರ

ರಮ್ಯಾ, ವಿಜಯನಗರ: ಸರ್, ಎಲೆಕ್ಟ್ರಿಕ್ ಸ್ಕೂಟರ್‌ಗೆ ಬ್ಯಾಟರಿ ಸೇರಿ 1,15,000, ಬ್ಯಾಟರಿ ಬಿಟ್ಟು 72,000 ಅಂತ ಕೊಟೇಶನ್ ಕೊಟ್ಟಿದ್ದಾರೆ. ಬಾಡಿಗೆ ಕಿ.ಮೀ.ಗೆ 1 ರೂಪಾಯಿ. ತಿಂಗಳಿಗೆ ಕನಿಷ್ಠ 1000 ಕಿ.ಮೀ., 48 ತಿಂಗಳು. ನಾನು ದಿನಕ್ಕೆ 18 ಕಿ.ಮೀ. ಓಡಿಸುತ್ತೇನೆ.

ಶಿವಣ್ಣ: ಆ 'ಕನಿಷ್ಠ' ಅನ್ನೋ ಪದದಲ್ಲೇ ಎಲ್ಲ ಇದೆ ನೋಡಮ್ಮಾ. ತಿಂಗಳಿಗೆ 26 ದಿನ ಅಂದರೂ ನಿಮ್ಮ ಓಡಾಟ 468 ಕಿ.ಮೀ. ಕಟ್ಟೋದು ಮಾತ್ರ 1000 ರೂಪಾಯಿ. ಅಲ್ಲಿಗೆ ಕಿ.ಮೀ.ಗೆ 2 ರೂಪಾಯಿ ದಾಟಿತು, ಕರೆಂಟ್ ಬೇರೆ. ನಾಲ್ಕು ವರ್ಷಕ್ಕೆ 48,000 ಕಟ್ಟುತ್ತೀರಿ, ಇವತ್ತು ಉಳಿಯೋದು 43,000. ಆ 43,000ವನ್ನು 11% ಬಡ್ಡಿಗೆ ಮೂರು ವರ್ಷದ ಸಾಲ ಮಾಡಿದರೆ ಸುಮಾರು 50,700 ಆಗುತ್ತದೆ. 2,700 ಜಾಸ್ತಿ, ಆದರೆ ಬ್ಯಾಟರಿ ನಿಮ್ಮದು. ನಾನಾಗಿದ್ದರೆ ಕೊಂಡುಬಿಡುತ್ತಿದ್ದೆ.

ಗಿರೀಶ್: ಲೀಸ್ ಒಳ್ಳೇದಾ, ಓನ್ ಒಳ್ಳೇದಾ ಸರ್?

ಶಿವಣ್ಣ: ಮೇಲೆ ಓದಿ.

ನಯಾಜ್, ಡೆಲಿವರಿ: ನಾನು ದಿನಕ್ಕೆ 110 ಕಿ.ಮೀ. ಓಡಿಸ್ತೀನಿ. ನನಗೆ ಬಾಡಿಗೆನೇ ಲಾಭ ಅಲ್ವಾ?

ರಮ್ಯಾ: ಲೆಕ್ಕ ಹಾಕಿ ಅಣ್ಣಾ. ತಿಂಗಳಿಗೆ 2,860 ರೂಪಾಯಿ. ನನ್ನ ಕೊಟೇಶನ್ನೇ ಹಿಡಿದರೆ ಹದಿನೈದೇ ತಿಂಗಳಲ್ಲಿ ಬ್ಯಾಟರಿ ದುಡ್ಡು ಮುಗಿಯುತ್ತೆ.

ನಯಾಜ್: ಚಾರ್ಜ್‌ಗೆ ಮೂರು ನಾಲ್ಕು ಗಂಟೆ ಕೂತರೆ ಆರ್ಡರ್ ಯಾರು ಕೊಡ್ತಾರೆ? ನಾನು ಕೇಳ್ತಿರೋದು ಬದಲಿಸಿ ಕೊಡೋ ಬ್ಯಾಟರಿ ಬಗ್ಗೆ.

ರಮ್ಯಾ: ಅದನ್ನ ಮೊದಲೇ ಹೇಳಬೇಕಿತ್ತು.

ಮಂಜುನಾಥ್, ಜೆ.ಪಿ. ನಗರ: ಸರ್, ದಲ್ಲಾಳಿ ಕಡೆಯಿಂದ ಸೆಕೆಂಡ್ ಹ್ಯಾಂಡ್ ಗಾಡಿ 48,000ಕ್ಕೆ ತಗೊಂಡೆ. ಆರ್‌ಸಿ ನನ್ನ ಹೆಸರಿಗೆ ಆಗಿದೆ. ಮೂರು ವಾರ ಚೆನ್ನಾಗಿತ್ತು. ಮೊನ್ನೆ ಬೆಳಿಗ್ಗೆಯಿಂದ ಡಿಸ್‌ಪ್ಲೇ ಆನ್ ಆಗುತ್ತೆ, 64% ತೋರಿಸುತ್ತೆ, ಗಾಡಿ ಮಾತ್ರ ಮುಂದೆ ಹೋಗಲ್ಲ.

ಪ್ರಕಾಶ್: ಆರ್‌ಸಿ ನಿಮ್ಮ ಹೆಸರಲ್ಲಿದ್ರೆ ಬ್ಯಾಟರಿನೂ ನಿಮ್ಮದೇ. ಪೊಲೀಸ್ ಕಂಪ್ಲೇಂಟ್ ಕೊಡಿ.

ಶಿವಣ್ಣ: ಪ್ರಕಾಶ್, ಕಂಪ್ಲೇಂಟ್ ಮಾರಿದವನ ಮೇಲೆ ಕೊಡಬಹುದು. ಆದರೆ ಆರ್‌ಸಿಯಿಂದ ಬ್ಯಾಟರಿ ಯಾರದ್ದು ಅಂತ ತಿಳಿಯುವುದಿಲ್ಲ. ಬ್ಯಾಟರಿ ಇಲ್ಲದೆಯೂ ಗಾಡಿ ನೋಂದಾಯಿಸಬಹುದು, ಬ್ಯಾಟರಿಯ ವಿವರ ಕೊಡಬೇಕಿಲ್ಲ ಅಂತ ಕೇಂದ್ರ ಸಾರಿಗೆ ಸಚಿವಾಲಯ 2020ರ ಆಗಸ್ಟ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಗಾಡಿ ಸಾಲ ಇದ್ದರೆ ಆರ್‌ಸಿಯಲ್ಲಿ ಕಾಣುತ್ತದೆ. ಬ್ಯಾಟರಿ ಬಾಡಿಗೆ ಕಾಣದೇ ಇರಬಹುದು.

ಮಂಜುನಾಥ್, ನಿಮ್ಮದು ಕೆಟ್ಟಿರೋದಲ್ಲ, ಲಾಕ್ ಆಗಿರೋದು ಅನ್ನಿಸುತ್ತದೆ. ಸೆಲ್ ಸೋತಿದ್ದರೆ ಅದು ರಸ್ತೆಯಲ್ಲೇ ಕೈ ಕೊಡುತ್ತದೆ. ಫ್ಲೈಓವರ್ ಹತ್ತುವಾಗ 40% ಇದ್ದದ್ದು ದಿಢೀರ್ ಅಂತ 12ಕ್ಕೆ ಬೀಳುತ್ತದೆ, ಹತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಏಳುತ್ತದೆ. ನಿಮ್ಮದು ರಾತ್ರಿ ನಿಂತಲ್ಲೇ ಸುಮ್ಮನಾಗಿದೆ, ಪರ್ಸೆಂಟ್ ಅಲುಗಾಡಿಲ್ಲ. ಹಳೇ ಮಾಲೀಕ ಬ್ಯಾಟರಿ ಬಾಡಿಗೆ ಕಟ್ಟೋದು ನಿಲ್ಲಿಸಿರಬೇಕು, ಕಂಪನಿ ದೂರದಿಂದಲೇ ಆಫ್ ಮಾಡಿರಬೇಕು. ಆ್ಯಪ್‌ನಲ್ಲಿ ಈಗಲೂ ಅವನ ನಂಬರೇ ಇದೆಯಾ ನೋಡಿ.

ಗಾಡಿಯ ಮೊದಲ ಬಿಲ್ ತರಿಸಿ. ಬ್ಯಾಟರಿ ಬಿಟ್ಟು ಬೆಲೆ ಹಾಕಿದ್ದರೆ ಅದು ಬಾಡಿಗೆಯದ್ದಿರಬೇಕು. ಆಮೇಲೆ ಕಂಪನಿಯಿಂದ ಬಾಕಿ ಎಷ್ಟು, ಬಾಡಿಗೆ ನಿಮ್ಮ ಹೆಸರಿಗೆ ಬದಲಾಗುತ್ತದಾ ಅಂತ ಬರಹದಲ್ಲಿ ತಗೊಳ್ಳಿ. ಆ ಪತ್ರದಲ್ಲಿ ಬ್ಯಾಟರಿಯ ಸೀರಿಯಲ್ ನಂಬರ್ ಇರಲೇಬೇಕು. ಸೀಟ್ ಎತ್ತಿ ಪ್ಯಾಕ್ ಮೇಲಿನ ಸ್ಟಿಕರ್ ಜೊತೆ ಹೋಲಿಸಿ ನೋಡಿ. ಅಲ್ಲಿವರೆಗೆ ಯಾರಿಗೂ ಒಂದು ರೂಪಾಯಿ ಕೊಡಬೇಡಿ.

ಸುಮಾ: ಬಾಡಿಗೆ ಬ್ಯಾಟರಿ ಗಾಡಿ ಕಳುವಾದ್ರೆ ಇನ್ಶೂರೆನ್ಸ್ ದುಡ್ಡು ಯಾರಿಗೆ ಹೋಗುತ್ತೆ?

ಸಂತೋಷ್: ಇಷ್ಟೆಲ್ಲ ಯಾಕೆ? ವಾಟ್ಸಾಪ್‌ನಲ್ಲಿ ಬಂದಿದೆ. ಜಿಪಿಎಸ್ ವೈರ್ ಕತ್ತರಿಸಿ, ಬ್ಯಾಟರಿ ಕಾಯೋ ಬಿಎಂಎಸ್ ಸರ್ಕ್ಯೂಟ್ ಬೈಪಾಸ್ ಮಾಡಿದ್ರೆ ಗಾಡಿ ಓಡುತ್ತೆ. ವಿಡಿಯೋ ಹಾಕ್ಲಾ?

ಶಿವಣ್ಣ: ಹಾಕಬೇಡಿ. ಹೋದ ತಿಂಗಳು ಅಂಥದ್ದೇ ಒಂದು ಪ್ಯಾಕ್ ನನ್ನ ಶೆಡ್‌ಗೆ ಬಂತು. ಹದಿನಾಲ್ಕು ಸೆಲ್ ಸಾಲಿನ ಪ್ಯಾಕ್, ಫುಲ್ ಚಾರ್ಜ್ ಅಂದರೆ 58.8 ವೋಲ್ಟ್. ಚಾರ್ಜರ್ ನೋಡೋದು ಆ ಒಟ್ಟು ಮೊತ್ತವನ್ನಷ್ಟೇ. ಒಂದು ಸಾಲು 3.9ರಲ್ಲಿ ಉಳಿದರೆ ಪಕ್ಕದ್ದು 4.2 ದಾಟುತ್ತದೆ. ತಡೆಯಬೇಕಾದ ಬಿಎಂಎಸ್ ಅನ್ನೇ ಇವರು ಪಕ್ಕಕ್ಕಿಟ್ಟಿದ್ದರು. ಒಂದು ಮೂಲೆ ಉಬ್ಬಿತ್ತು, ಮುಚ್ಚಳ ತೆಗೆದಾಗ ನೇಲ್ ಪಾಲಿಶ್ ಥರ ವಾಸನೆ. ಅದನ್ನು ಹಾಲ್‌ನಲ್ಲಿಟ್ಟು ರಾತ್ರಿಯೆಲ್ಲ ಚಾರ್ಜ್ ಮಾಡುತ್ತಿದ್ದರು, ಮಗು ಪಕ್ಕದ ರೂಮಿನಲ್ಲಿ ಮಲಗುತ್ತಿತ್ತು. ಬೇರೆಯವರ ಸ್ವತ್ತನ್ನು ಬಿಚ್ಚಿದ ಕೇಸು ಬೇರೆ ಬೀಳುತ್ತದೆ.

ಸಂತೋಷ್: ಸುಮ್ನೆ ಹೆದರಿಸ್ತೀರಿ. ನಿಮ್ಮ ಶೆಡ್‌ಗೆ ಗಿರಾಕಿ ಬರ್ಲಿ ಅಂತ.

ನಯಾಜ್: ಮಾತು ನೋಡಿ ಆಡಿ ಗುರು, ಸರ್ ಫ್ರೀ ಆಗಿ ಹೇಳ್ತಿದಾರೆ.

ಪ್ರಕಾಶ್: ಬ್ಯಾಟರಿನ ಪೂರ್ತಿ ಸೊನ್ನೆಗಿಳಿಸಿ ಚಾರ್ಜ್ ಮಾಡಿದ್ರೆ ಲಾಕ್ ಬಿಡುತ್ತೆ ಅಂತಾನೂ ಕೇಳಿದ್ದೆ.

ಶಿವಣ್ಣ: ಬಿಡಲ್ಲ. ಸೆಲ್ ಸಾಯುತ್ತದೆ ಅಷ್ಟೇ.

ಗಿರೀಶ್: ಸರ್, ಓದಿದೆ. ಆದ್ರೂ ಒಂದೇ ಮಾತಲ್ಲಿ ಹೇಳಿ, ಲೀಸಾ ಓನಾ?

ಸುಮಾ: ನನ್ನ ಪ್ರಶ್ನೆ ಯಾರಿಗೂ ಕಾಣಲಿಲ್ವಾ?

ಮಂಜುನಾಥ್: ಸರ್, ಹಳೇ ಮಾಲೀಕ ಬಿಲ್, ಅಗ್ರಿಮೆಂಟ್ ಎರಡೂ ಕಳಿಸಿದ. ಬಾಡಿಗೆ ಬ್ಯಾಟರಿನೇ. ಆದರೆ ಸ್ಟಿಕರ್ ಮೇಲಿನ ಕೊನೇ ನಾಲ್ಕು ಅಂಕಿ ಅಗ್ರಿಮೆಂಟ್‌ನಲ್ಲಿರೋದಕ್ಕೆ ಹೊಂದ್ತಾ ಇಲ್ಲ.

ಶಿವಣ್ಣ: ಹಾಗಾದರೆ ಯಾರೋ ಪ್ಯಾಕ್ ಬದಲಿಸಿದ್ದಾರೆ. ಬಾಕಿ ಕಟ್ಟಬೇಡಿ, ಚಾರ್ಜ್‌ಗೂ ಹಾಕಬೇಡಿ. ಸ್ಟಿಕರ್ ಫೋಟೋ ತೆಗೆದುಕೊಂಡು ಸಂಜೆ ಶೆಡ್‌ಗೆ ಬನ್ನಿ.